ಮಲಗಿ ಮಾಡುವ ಆಸನದ ವಿಡಿಯೋ: ಕ್ಯಾಮೆರಾ ಎಲ್ಲಿರಬೇಕು, ಮಾತು ಯಾವಾಗ ಬರಬೇಕು?

ಕಾಳಿತೀರ, ಕಾರವಾರ

ನಾನು ಕಾರವಾರದಲ್ಲಿ ನಲವತ್ತರಿಂದ ಅರವತ್ತೈದು ವಯಸ್ಸಿನೊಳಗಿನ ಹೆಂಗಸರಿಗೆ ಬೆಳಗಿನ ಹೊತ್ತು ಯೋಗ ಹೇಳಿಕೊಡುತ್ತೇನೆ. ಹಲವರ ಮನೆಯವರು ನೌಕಾನೆಲೆಯಲ್ಲೋ ಕೈಗಾದಲ್ಲೋ ಕೆಲಸದಲ್ಲಿರುವುದರಿಂದ, ವರ್ಗವಾಗಿ ಹೋದವರು ಅಲ್ಲಿಂದಲೇ ಅಭ್ಯಾಸ ಮುಂದುವರಿಸಲು ವಿಡಿಯೋ ಕೇಳುತ್ತಿದ್ದಾರೆ. ನಿಂತು ಮಾಡುವ ಆಸನಗಳ ವಿಡಿಯೋಗಳಿಂದ ತೊಂದರೆಯೇನೂ ಬಂದಿಲ್ಲ. ಆದರೆ ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಮೇಲೆತ್ತುವ ಸೇತುಬಂಧಾಸನದ ವಿಡಿಯೋ ಕಳಿಸಿದ ಮೇಲೆ ಎರಡು ದೂರುಗಳು ಬಂದಿವೆ. ಒಬ್ಬರಿಗೆ ಕುತ್ತಿಗೆಯ ಒಂದು ಬದಿ ಹಿಡಿದುಕೊಂಡಿದೆ. ಇನ್ನೊಬ್ಬರಿಗೆ ಮಂಡಿಯ ಮುಂಭಾಗದಲ್ಲಿ ನೋವು. ಇಬ್ಬರೂ ತರಗತಿಯಲ್ಲಿ ಇದೇ ಆಸನವನ್ನು ಯಾವ ತೊಂದರೆಯೂ ಇಲ್ಲದೆ ಮಾಡುತ್ತಿದ್ದವರು.

ಚಿತ್ರೀಕರಣದ ವಿವರ ಹೀಗಿದೆ. ಫೋನನ್ನು ಟೀಪಾಯಿಯ ಮೇಲಿಟ್ಟಿದ್ದೆ. ಅದು ನನ್ನ ಪಾದಗಳ ಕಡೆಯ ಮೂಲೆಯಿಂದ ಓರೆಯಾಗಿ ನೋಡುತ್ತಿತ್ತು. ಆಸನ ಮಾಡುತ್ತಲೇ ವಿವರಣೆ ಹೇಳಿದೆ; ಆಸನದಲ್ಲಿ ನಿಂತಾಗ ಉಸಿರು ಹಿಡಿಯದಿರಲೆಂದು ಮಾತು ನಿಲ್ಲಿಸಿದೆ. ತೊಂದರೆ ಇರುವುದು ಕ್ಯಾಮೆರಾದ ಕೋನದಲ್ಲೋ ನನ್ನ ಸೂಚನೆಗಳಲ್ಲೋ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಛಾಯಾಗ್ರಾಹಕ, ಕುಮಟಾ

ಅಕ್ಕೋರೆ, ತೊಂದರೆ ಇರುವುದು ಕೋನದಲ್ಲಿಯೇ. ನಾನು ಮದುವೆ, ಉಪನಯನಗಳ ವಿಡಿಯೋ ತೆಗೆಯುವವನು, ಯೋಗ ನನಗೆ ತಿಳಿಯದು. ಆದರೆ ನೆಲದ ಮೇಲಿರುವುದನ್ನು ಮೇಲಿನಿಂದ ಓರೆಯಾಗಿ ತೆಗೆದರೆ ಅಳತೆ ತಪ್ಪುತ್ತದೆ ಎಂಬುದು ನನ್ನ ಕೆಲಸದಲ್ಲಿ ದಿನವೂ ಕಾಣುವ ಮಾತು. ಕ್ಯಾಮೆರಾ ನಿಮ್ಮ ಸೊಂಟದ ನೇರಕ್ಕೆ, ಮ್ಯಾಟಿನ ಉದ್ದದ ಬದಿಗೆ ಲಂಬವಾಗಿ ಇರಬೇಕು. ಎತ್ತರ ನೆಲದಿಂದ ಒಂದು, ಹೆಚ್ಚೆಂದರೆ ಒಂದೂವರೆ ಅಡಿ ಸಾಕು. ಕೋಣೆ ಚಿಕ್ಕದಾಗಿದ್ದರೆ ಫೋನಿನಲ್ಲಿ 0.5x ಆರಿಸಿಕೊಳ್ಳಿ, ಹತ್ತಿರದಿಂದಲೇ ತಲೆಯಿಂದ ಪಾದದವರೆಗೆ ಪೂರ್ತಿ ಬರುತ್ತದೆ. 4K ಇಟ್ಟು ತೆಗೆದರೆ ಪ್ರತಿಯೊಂದೂ ಸ್ಪಷ್ಟವಾಗಿ ಕಾಣುತ್ತದೆ.

ಶಿರಸಿ ಫಿಜಿಯೋ

ಕುಮಟೆಯವರು ಕ್ಯಾಮೆರಾದ ಜಾಗ ಮತ್ತು ಎತ್ತರದ ಬಗ್ಗೆ ಹೇಳಿದ್ದು ಸರಿಯಾಗಿದೆ. ಮಂಡಿನೋವಿನ ಕಾರಣವೂ ಬಹುಮಟ್ಟಿಗೆ ಅಲ್ಲಿಯೇ ಇರುವಂತಿದೆ. ಪಾದಗಳ ಮೂಲೆಯಿಂದ ಓರೆಯಾಗಿ ನೋಡಿದಾಗ ಹಿಮ್ಮಡಿಗೂ ಪೃಷ್ಠಕ್ಕೂ ನಡುವಿನ ಅಂತರ ಪರದೆಯ ಮೇಲೆ ಕುಗ್ಗಿ ಕಾಣುತ್ತದೆ. ನೀವು ಹಿಮ್ಮಡಿಗಳನ್ನು ಮಂಡಿಯ ಕೆಳಗೆ ಸರಿಯಾಗಿಯೇ ಇಟ್ಟಿದ್ದರೂ ನೋಡುವವರ ಕಣ್ಣಿಗೆ ಅವು ಪೃಷ್ಠಕ್ಕೆ ತಾಗಿಕೊಂಡಂತೆ ತೋರಿರುತ್ತವೆ. ಅವರು ಅದನ್ನೇ ಅನುಕರಿಸಿ ಹಿಮ್ಮಡಿಗಳನ್ನು ಒಳಗೆಳೆದುಕೊಂಡು ಸೊಂಟ ಎತ್ತಿದಾಗ ಮಂಡಿ ಅತಿಯಾಗಿ ಮಡಚಿದ ಸ್ಥಿತಿಯಲ್ಲಿಯೇ ಭಾರ ಹೊರಬೇಕಾಗುತ್ತದೆ, ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ತರಗತಿಯಲ್ಲಿ ನಿಮ್ಮ ಕಣ್ಣು ಅದನ್ನು ತಿದ್ದುತ್ತಿತ್ತು. ವಿಡಿಯೋದಲ್ಲಿ ತಿದ್ದುವವರು ಯಾರೂ ಇಲ್ಲ.

ಆದರೆ 0.5x ಸಲಹೆಯನ್ನು ನಾನು ಒಪ್ಪುವುದಿಲ್ಲ. ಆ ಲೆನ್ಸು ಚೌಕಟ್ಟಿನ ಅಂಚಿನಲ್ಲಿ ಇರುವುದನ್ನು ಹೊರಕ್ಕೆ ಎಳೆದು ತೋರಿಸುತ್ತದೆ, ಮತ್ತು ನಮ್ಮ ಚೌಕಟ್ಟಿನ ಎರಡು ಅಂಚುಗಳಲ್ಲಿ ಇರುವುದು ತಲೆ ಮತ್ತು ಪಾದಗಳೇ. ಮಂಡಿಯಿಂದ ಹಿಮ್ಮಡಿಗೆ ಇಳಿಯುವ ಗೆರೆ ನೆಟ್ಟಗಿದೆಯೋ ಇಲ್ಲವೋ ಎಂಬುದನ್ನು ತೋರಿಸಲು ಹೊರಟಾಗ ಅದೇ ಭಾಗ ಎಳೆದಂತಾದರೆ ಪ್ರಯೋಜನವಿಲ್ಲ. 1x ಇಟ್ಟು ಏಳೆಂಟು ಅಡಿ ಹಿಂದೆ ಸರಿದರೆ ಇಡೀ ಮ್ಯಾಟು ಚೌಕಟ್ಟಿನಲ್ಲಿ ಬರುತ್ತದೆ. ನಮ್ಮ ಕಡೆಯ ಹಳೆಯ ಮನೆಗಳ ಜಗುಲಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಬಯಲಿನ ಕಡೆಗೆ ಕ್ಯಾಮೆರಾದ ಬೆನ್ನಿರಬೇಕು ಅಷ್ಟೆ. ಇಲ್ಲವಾದರೆ ಬೆಳಕೆಲ್ಲ ನಿಮ್ಮ ಹಿಂದಿನಿಂದ ಬಂದು ಮೈ ಬರೀ ನೆರಳಾಗಿ ಕಾಣುತ್ತದೆ.

ಇನ್ನು ಕುತ್ತಿಗೆಯ ವಿಷಯ. ಇದಕ್ಕೆ ನಿಮ್ಮ ಕ್ಯಾಮೆರಾ ಕಾರಣವಲ್ಲ, ಅವರ ಫೋನು ಕಾರಣ. ಅಂಗಾತ ಮಲಗಿದವರ ಫೋನು ಎಲ್ಲಿರುತ್ತದೆ ಎಂದು ಒಮ್ಮೆ ಯೋಚಿಸಿ. ಪಕ್ಕದಲ್ಲಿ, ನೆಲದ ಮೇಲೆ, ನೀರಿನ ಬಾಟಲಿಗೆ ಒರಗಿಸಿಕೊಂಡು ಇರುತ್ತದೆ. ಸೊಂಟ ಮೇಲೆತ್ತಿದಾಗ ಭಾರ ಭುಜ ಮತ್ತು ಮೇಲ್ಬೆನ್ನಿನ ಮೇಲೆ ಬರುತ್ತದೆ, ಕುತ್ತಿಗೆ ಮುಂದಕ್ಕೆ ಬಾಗಿದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಆ ಹೊತ್ತಿನಲ್ಲಿ ಪರದೆ ನೋಡಲೆಂದು ತಲೆಯನ್ನು ಬದಿಗೆ ಹೊರಳಿಸಿದರೆ ಬಾಗಿದ ಕುತ್ತಿಗೆಗೆ ತಿರುವೂ ಸೇರುತ್ತದೆ. ನೀವು ಮಾತು ನಿಲ್ಲಿಸಿದ್ದು ಅದಕ್ಕೆ ಇನ್ನಷ್ಟು ಅವಕಾಶ ಕೊಟ್ಟಿದೆ. ಧ್ವನಿ ನಿಂತ ಕೂಡಲೇ ಯಾರೇ ಆಗಲಿ, ಅಕ್ಕೋರು ಕೆಳಗಿಳಿದರೋ, ನೆಟ್‌ವರ್ಕ್ ಹೋಯಿತೋ ಎಂದು ತಿರುಗಿ ನೋಡಿಯೇ ನೋಡುತ್ತಾರೆ. ಕುತ್ತಿಗೆ ಹಿಡಿದುಕೊಂಡವರನ್ನು ಫೋನು ಯಾವ ಕಡೆ ಇಟ್ಟಿದ್ದರು ಎಂದು ಕೇಳಿ ನೋಡಿ. ನೋವು ಯಾವ ಬದಿಗಿದೆಯೆಂದೂ ಕೇಳಿ.

ಕಾಳಿತೀರ, ಕಾರವಾರ

ಕೇಳಿದೆ. ಫೋನು ಎಡಕ್ಕಿತ್ತಂತೆ, ತಿರುಗಿ ತಿರುಗಿ ನೋಡಿದ್ದೂ ನಿಜವಂತೆ. ಆದರೆ ನೋವು ಬಲಬದಿಗಿದೆ. ಅದು ನಿಮ್ಮ ವಿವರಣೆಗೆ ಹೊಂದುತ್ತದೆಯೇ?

ಶಿರಸಿ ಫಿಜಿಯೋ

ಹೊಂದಬಹುದು. ಎಡಕ್ಕೆ ತಿರುಗಿದಾಗ ಬಲಬದಿಯ ಸ್ನಾಯುಗಳು ಹಿಗ್ಗುತ್ತವೆ. ಆದರೆ ದೂರದಿಂದ ಖಚಿತವಾಗಿ ಹೇಳುವುದು ಸರಿಯಲ್ಲ. ನೋವು ತೋಳಿಗೆ ಇಳಿಯುತ್ತಿದ್ದರೆ, ಬೆರಳುಗಳಲ್ಲಿ ಜುಮುಗುಟ್ಟುತ್ತಿದ್ದರೆ ಅವರು ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಲಿ.

ಯಲ್ಲಾಪುರದಿಂದ

ನನ್ನ ತಂದೆಯವರಿಗೆ ಹರ್ನಿಯಾ ಇದೆ, ವಯಸ್ಸು ಅರವತ್ತೆಂಟು. ಸೇತುಬಂಧಾಸನ ಮಾಡಿದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗಿ ಹರ್ನಿಯಾ ಕಡಿಮೆಯಾಗುತ್ತದೆಂದು ಒಂದು ವಿಡಿಯೋದಲ್ಲಿ ಕೇಳಿ ಅವರು ದಿನವೂ ಮಾಡುತ್ತಿದ್ದಾರೆ. ಎಷ್ಟು ಹೊತ್ತು ಮಾಡಬೇಕು ಎಂದು ತಿಳಿಸುವಿರಾ?

ಶಿರಸಿ ಫಿಜಿಯೋ

ಅವರು ಇವತ್ತಿನಿಂದಲೇ ನಿಲ್ಲಿಸಲಿ, ಶಸ್ತ್ರಚಿಕಿತ್ಸಕರನ್ನು ಕಾಣಲಿ. ಪ್ರತಿ ವರ್ಷ ಜೂನ್ 21ರ ಯೋಗ ದಿನಕ್ಕೆಂದು ಆಯುಷ್ ಸಚಿವಾಲಯ ಸಿದ್ಧಪಡಿಸಿರುವ ಸಾಮಾನ್ಯ ಯೋಗ ಶಿಷ್ಟಾಚಾರದಲ್ಲಿಯೇ, ಹುಣ್ಣು ಮತ್ತು ಹರ್ನಿಯಾ ಇರುವವರು ಹಾಗೂ ತುಂಬು ತಿಂಗಳ ಬಸುರಿಯರು ಈ ಆಸನ ಮಾಡಬಾರದೆಂದು ಇದೆ.

ಕಾರವಾರದ ಅಕ್ಕೋರು ಇದನ್ನು ತಮ್ಮ ವಿಡಿಯೋದ ದೃಷ್ಟಿಯಿಂದಲೂ ಗಮನಿಸಬೇಕು. ಇಂಥ ಎಚ್ಚರಿಕೆಯನ್ನು ವಿಡಿಯೋದ ಕೆಳಗೆ ಬರೆದು ಹಾಕಿದರೆ ಓದುವವರಿಲ್ಲ. ವಾಟ್ಸಾಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವಾಗ ಬರಹ ಉದುರಿಹೋಗಿ ವಿಡಿಯೋ ಮಾತ್ರ ಮುಂದೆ ಹೋಗುವುದೂ ಉಂಟು. ನಿಮ್ಮ ಬಾಯಿಂದ, ಮೊದಲ ಅರ್ಧ ನಿಮಿಷದೊಳಗೆ, ಇನ್ನೂ ಕುಳಿತುಕೊಂಡಿರುವಾಗಲೇ ಬರಬೇಕು. ಇಪ್ಪತ್ತು ಕಾಯಿಲೆಗಳ ಪಟ್ಟಿ ಓದಿದರೆ ಯಾರ ಕಿವಿಗೂ ಬೀಳುವುದಿಲ್ಲ. ಈ ಆಸನಕ್ಕೆ ಸಂಬಂಧಿಸಿದ ನಾಲ್ಕೈದನ್ನು ಮಾತ್ರ, ಜನರು ಆಡುವ ಮಾತಿನಲ್ಲಿ ಹೇಳಿ: ಹರ್ನಿಯಾ, ಹೊಟ್ಟೆಯ ಹುಣ್ಣು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು, ಕುತ್ತಿಗೆಗೆ ಪೆಟ್ಟಾದವರು, ತುಂಬು ತಿಂಗಳ ಬಸುರಿಯರು.

ನಿವೃತ್ತ ಮಾಸ್ತರ, ಹೊನ್ನಾವರ

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ದೈಹಿಕ ಶಿಕ್ಷಣ ಕಲಿಸಿದವನು. ಮೇಲೆ ಹೇಳಿದ ಶಿಷ್ಟಾಚಾರದಲ್ಲಿಯೇ ಈ ಆಸನದಲ್ಲಿ ಎರಡೂ ಕೈಗಳಿಂದ ಕಣಕಾಲುಗಳನ್ನು ಗಟ್ಟಿಯಾಗಿ ಹಿಡಿಯಬೇಕೆಂದಿದೆ. ಹಿಡಿದರೆ ಭುಜಗಳು ತಾವಾಗಿಯೇ ಒಳಗೆ ಬರುತ್ತವೆ, ಎದೆ ತೆರೆದುಕೊಳ್ಳುತ್ತದೆ. ಹಿಮ್ಮಡಿ ಒಳಗೆ ಬಂದಿದ್ದೇ ತಪ್ಪು ಎಂಬಂತೆ ಇಲ್ಲಿ ಬರೆಯುತ್ತಿರುವುದು ಆಸನದ ಮೂಲ ಕ್ರಮವನ್ನೇ ಸಡಿಲಗೊಳಿಸಿದಂತಲ್ಲವೇ? ವಿಡಿಯೋದವರ ಅನುಕೂಲಕ್ಕೆ ಆಸನವನ್ನು ಬದಲಿಸುವುದು ನನಗೆ ಒಪ್ಪಿಗೆಯಿಲ್ಲ.

ಶಿರಸಿ ಫಿಜಿಯೋ

ಮಾಸ್ತರರೇ, ಕ್ರಮ ತಪ್ಪೆಂದು ನಾನು ಹೇಳಲಿಲ್ಲ. ಕಣಕಾಲು ಕೈಗೆ ಸುಲಭವಾಗಿ ಎಟಕುವವರಿಗೆ ಅದರಿಂದ ತೊಂದರೆಯಿಲ್ಲ. ಎಟಕದವರು ಅದನ್ನು ಹೇಗಾದರೂ ಹಿಡಿಯಲೇಬೇಕೆಂದು ಹಿಮ್ಮಡಿ ಎಳೆದುಕೊಳ್ಳುತ್ತಾರೆ, ಪಾದಗಳು ಹೊರಕ್ಕೆ ತಿರುಗುತ್ತವೆ, ಮಂಡಿಗಳು ಅಗಲುತ್ತವೆ. ಎದುರಿಗಿದ್ದರೆ ನೀವು ಅವರಿಗೆ ಮಾತ್ರ "ಕೈ ಬಿಡಿ" ಎನ್ನುತ್ತೀರಿ. ವಿಡಿಯೋದಲ್ಲಿ ಯಾರಿಗೆ ಎಟಕಿತು, ಯಾರಿಗೆ ಎಟಕಲಿಲ್ಲ ಎಂದು ನಮಗೆ ಕಾಣುವುದಿಲ್ಲ. ಆದ್ದರಿಂದ ಕೈಗಳನ್ನು ಮೈಯ ಪಕ್ಕದಲ್ಲಿ ನೆಲದ ಮೇಲಿಟ್ಟು ಮಾಡುವುದನ್ನೇ ಮೊದಲು ಕಲಿಸಿ, ಕಣಕಾಲು ಹಿಡಿಯುವುದನ್ನು ಬೇರೆ ವಿಡಿಯೋಗೆ ಬಿಡಬೇಕೆಂಬುದು ನನ್ನ ಅಭಿಪ್ರಾಯ.

ನಿವೃತ್ತ ಮಾಸ್ತರ, ಹೊನ್ನಾವರ

ಬೇರೆ ವಿಡಿಯೋ ಎಂದರೆ ಅದನ್ನು ಯಾರೂ ನೋಡುವುದಿಲ್ಲ. ಅರ್ಧ ಕಲಿತದ್ದನ್ನೇ ಪೂರ್ತಿ ಎಂದು ತಿಳಿದುಕೊಳ್ಳುತ್ತಾರೆ. ಒಂದೇ ವಿಡಿಯೋದಲ್ಲಿ ಎರಡನ್ನೂ ತೋರಿಸಿ, ಎಟಕದವರಿಗೆ ಕಣಕಾಲಿನ ಸುತ್ತ ಬೆಲ್ಟನ್ನೋ ಟವೆಲನ್ನೋ ಹಾಕಿ ಹಿಡಿಯಲು ಹೇಳಿದರಾಯಿತು.

ಕಾಳಿತೀರ, ಕಾರವಾರ

ಇಬ್ಬರ ಮಾತಿನಲ್ಲಿಯೂ ಹುರುಳಿದೆ. ನನ್ನ ವಿದ್ಯಾರ್ಥಿನಿಯರ ಮಟ್ಟಿಗೆ ಸದ್ಯ ಕೈ ನೆಲದ ಮೇಲೆಯೇ ಇರಲಿ ಎಂದುಕೊಂಡಿದ್ದೇನೆ. ಆದರೆ ಪರದೆಯನ್ನು ನೋಡಬಾರದೆಂದರೆ ವಿಡಿಯೋ ಏಕೆ ಬೇಕು, ಧ್ವನಿ ಮಾತ್ರ ಕಳಿಸಿದರೆ ಸಾಲದೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ಶಿರಸಿ ಫಿಜಿಯೋ

ಮಲಗಿ ಮಾಡುವ ಆಸನದ ವಿಡಿಯೋವನ್ನು ಎರಡು ಭಾಗ ಮಾಡಬೇಕು: ಮೊದಲನೆಯದು ಕುಳಿತು ನೋಡುವುದಕ್ಕೆ, ಎರಡನೆಯದು ಮಲಗಿ ಕೇಳುವುದಕ್ಕೆ. ಮೊದಲ ಭಾಗದಲ್ಲಿ ವೀಕ್ಷಕರು ಏನನ್ನೂ ಮಾಡಕೂಡದು. ಅದನ್ನು ಮೊದಲ ವಾಕ್ಯದಲ್ಲಿಯೇ ಹೇಳಿಬಿಡಿ, ಏಕೆಂದರೆ ನಮ್ಮ ಜನ ವಿಡಿಯೋ ಶುರುವಾದ ಕೂಡಲೇ ಮ್ಯಾಟು ಹಾಸಿ ಮಲಗಿಬಿಡುತ್ತಾರೆ. ನಾನು ಮೊಣಕಾಲು ಶಸ್ತ್ರಚಿಕಿತ್ಸೆಯಾದವರಿಗೆ ಇದೇ ವ್ಯಾಯಾಮದ ಸರಳ ರೂಪವನ್ನು ಮಾಡಿ ಕಳಿಸುವ ಕ್ರಮವನ್ನು ನಿಮ್ಮ ಆಸನಕ್ಕೆ ಹೊಂದಿಸಿ ಬರೆಯುತ್ತೇನೆ.

ನೋಡುವ ಭಾಗದಲ್ಲಿ ಎರಡು ಕೋನಗಳು ಸಾಕು. ಮುಖ್ಯವಾದದ್ದು ಮೇಲೆ ಹೇಳಿದ ಪಕ್ಕದ ನೋಟ; ಹಿಮ್ಮಡಿ ಮಂಡಿಯ ಕೆಳಗಿದೆಯೇ, ಎತ್ತಿದಾಗ ಭುಜದಿಂದ ಮಂಡಿಯವರೆಗೆ ಇಳಿಜಾರಾದ ಒಂದೇ ಗೆರೆ ಬರುತ್ತದೆಯೇ ಎಂಬುದು ಅಲ್ಲಿ ಕಾಣುತ್ತದೆ. ಆದರೆ ಮಂಡಿಗಳು ಹೊರಕ್ಕೆ ವಾಲಿದ್ದು ಪಕ್ಕದಿಂದ ಕಾಣುವುದಿಲ್ಲ, ಒಂದು ಮಂಡಿ ಇನ್ನೊಂದನ್ನು ಮರೆಮಾಡುತ್ತದೆ. ಅದಕ್ಕೆ ಪಾದಗಳ ಎದುರಿನಿಂದ, ಅಷ್ಟೇ ತಗ್ಗಿನಲ್ಲಿ, ಹತ್ತು ಹದಿನೈದು ಸೆಕೆಂಡಿನ ತುಣುಕನ್ನು ತೆಗೆದು ಸೇರಿಸಿ. ಈ ಎರಡನೆಯ ಕೋನ ನೋಡುವ ಭಾಗದಲ್ಲಿ ಮಾತ್ರ ಬರಲಿ. ಮಾಡುವ ಭಾಗದಲ್ಲಿ ದೃಶ್ಯ ಬದಲಾದರೆ ಓರೆಗಣ್ಣಿನಲ್ಲಿ ನೋಡಿದವರೂ ಏನೋ ಹೊಸದು ಬಂತೆಂದು ತಲೆ ತಿರುಗಿಸುತ್ತಾರೆ.

ಬಟ್ಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಕಪ್ಪು ಪ್ಯಾಂಟು ತೊಟ್ಟು ಕಪ್ಪು ಮ್ಯಾಟಿನ ಮೇಲೆ ಮಾಡಿದರೆ ಮೊಣಕಾಲಿನ ಗೆರೆ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ತಿಳಿಬಣ್ಣದ ಚೂಡಿದಾರ ಸಾಕು. ಕುರ್ತಾದ ಅಂಚನ್ನು ಸೊಂಟದ ಬದಿಯಲ್ಲಿ ಗಂಟು ಹಾಕಿಕೊಳ್ಳಿ. ಇಲ್ಲವಾದರೆ ಎತ್ತಿದಾಗ ಬಟ್ಟೆ ಜೋತುಬಿದ್ದು, ಸೊಂಟ ಇದ್ದುದಕ್ಕಿಂತ ಕೆಳಗಿರುವಂತೆ ಕಂಡು, ನೋಡುವವರು ಇನ್ನೂ ಮೇಲೆತ್ತಲು ಹೋಗುತ್ತಾರೆ.

ಕೇಳುವ ಭಾಗದಲ್ಲಿ ಪ್ರತಿ ಸೂಚನೆಯನ್ನೂ ಕಣ್ಣಿಲ್ಲದೆ, ಕೈಯಿಂದ ಅಥವಾ ಮೈಯ ಅನುಭವದಿಂದ ಪರೀಕ್ಷಿಸಿಕೊಳ್ಳುವಂತಿರಬೇಕು. "ಹಿಮ್ಮಡಿ ಮಂಡಿಯ ಕೆಳಗಿರಲಿ" ಎಂಬುದು ನೋಡುವವರಿಗೆ ಹೇಳುವ ಮಾತು; ಮಲಗಿದವರಿಗೆ ತಮ್ಮ ಹಿಮ್ಮಡಿ ಕಾಣುವುದಿಲ್ಲ. ನಾನು ಹೇಳುವುದು ಹೀಗೆ: "ಕಣ್ಣು ಮಾಡಿನ ಕಡೆ ಇರಲಿ. ಇನ್ನು ಕೆಳಗಿಳಿಯುವವರೆಗೆ ಪರದೆಯನ್ನು ನೋಡಬೇಡಿ, ನಾನು ಮಾತಾಡುತ್ತಲೇ ಇರುತ್ತೇನೆ. ಕೈಗಳನ್ನು ಪಕ್ಕದಲ್ಲಿ ಉದ್ದಕ್ಕೆ ಚಾಚಿ. ನಡುಬೆರಳಿನ ತುದಿ ಹಿಮ್ಮಡಿಗೆ ತಾಗಿಯೂ ತಾಗದಂತಿರಲಿ. ಅಂಗೈಯೇ ಹಿಮ್ಮಡಿಗೆ ಸಿಗುತ್ತಿದ್ದರೆ ಪಾದವನ್ನು ಸ್ವಲ್ಪ ಮುಂದೆ ಸರಿಸಿ." ಕೈಯ ಉದ್ದ, ಕಾಲಿನ ಉದ್ದ ಎಲ್ಲರದೂ ಒಂದೇ ಅಲ್ಲದ ಕಾರಣ ಇದು ಅಂದಾಜು ಮಾತ್ರ. ಆದರೆ ಹಿಮ್ಮಡಿ ಅತಿಯಾಗಿ ಒಳಬರುವುದನ್ನು ತಡೆಯಲು ಸಾಕಾಗುತ್ತದೆ.

ಮಂಡಿ ಅಗಲುವವರಿಗೆ ತೊಡೆಗಳ ನಡುವೆ ಮಡಚಿದ ಟವೆಲ್ ಇಟ್ಟುಕೊಳ್ಳಲು ಹೇಳುತ್ತೇನೆ. ಟವೆಲ್ ಜಾರಿದರೆ ಮಂಡಿ ಅಗಲಿತೆಂದು ಅವರಿಗೇ ತಿಳಿಯುತ್ತದೆ. ಎತ್ತಿದ ಮೇಲೆ ಉಸಿರನ್ನು ಬಾಯಲ್ಲಿ ಎಣಿಸುತ್ತೇನೆ, ಐದು ಉಸಿರು. "ಕೆಳಬೆನ್ನಿನಲ್ಲಿ ಚಿವುಟಿದಂತಾದರೆ ಎರಡು ಬೆರಳಿನಷ್ಟು ಇಳಿಸಿ, ಆಗಲೂ ಹೋಗದಿದ್ದರೆ ಪೂರ್ತಿ ಇಳಿಯಿರಿ" ಎಂಬ ಮಾತು ಎರಡನೆಯ ಉಸಿರಿನಲ್ಲಿಯೇ ಬಂದುಬಿಡಬೇಕು. ಐದಾದ ಮೇಲೆ ಹೇಳಿದರೆ ಅಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ. ಮತ್ತು ಪ್ರತಿ ಸಲವೂ ಮಾತು ಮೊದಲು, ನಿಮ್ಮ ಚಲನೆ ಆಮೇಲೆ. ಹೇಳಿ ಮೂರ್ನಾಲ್ಕು ಸೆಕೆಂಡು ಬಿಟ್ಟು ನೀವು ಚಲಿಸಿದರೆ ಅರವತ್ತರ ಹೆಂಗಸರೂ ನಿಮ್ಮ ಜೊತೆಗೇ ಇರುತ್ತಾರೆ.

ಛಾಯಾಗ್ರಾಹಕ, ಕುಮಟಾ

0.5x ಬಗ್ಗೆ ನೀವು ಹೇಳಿದ್ದನ್ನು ಇಲ್ಲಿ ಮೊರವನ್ನು ಅಂಚಿನಲ್ಲಿಟ್ಟು ತೆಗೆದು ನೋಡಿದೆ. ಎಳೆದಂತೆ ಬಂದದ್ದು ಹೌದು. 4K ಮಾತ್ರ ಬಿಡಬೇಡಿ ಎನ್ನುತ್ತೇನೆ.

ಅಂಕೋಲೆಯ ತರಬೇತುದಾರ

4K ಬೇಡ. ವಿಡಿಯೋ ಆಗಿ ಕಳಿಸಿದರೆ ವಾಟ್ಸಾಪ್ ಹೇಗೂ ಅದನ್ನು ಕುಗ್ಗಿಸಿಯೇ ಕಳಿಸುತ್ತದೆ, ಕುಗ್ಗಿಸದೆ ಕಳಿಸಿದರೆ ಘಟ್ಟದ ಮೇಲಿನ ಊರುಗಳಲ್ಲಿ ದೊಡ್ಡ ಕಡತ ಇಳಿಸಿಕೊಳ್ಳುವುದರೊಳಗೆ ಬೆಳಗಾಗುತ್ತದೆ. 1080p ಸಾಕು. ದುಡ್ಡು ಹಾಕುವುದಿದ್ದರೆ ಕಾಲರಿಗೆ ಸಿಕ್ಕಿಸುವ ಮೈಕಿಗೆ ಹಾಕಿ. ಕೇಳಿ ಮಾಡುವ ಭಾಗವೇ ಮುಖ್ಯವೆಂದ ಮೇಲೆ ಧ್ವನಿ ಕೆಟ್ಟರೆ ಉಳಿಯುವುದೇನು? ಆಷಾಢದಲ್ಲಿ ತಗಡಿನ ಮಾಡಿನ ಕೆಳಗೆ ಏಳೆಂಟು ಅಡಿ ದೂರದ ಫೋನಿಗೆ ನಿಮ್ಮ ಮಾತಿಗಿಂತ ಮಳೆಯೇ ಚೆನ್ನಾಗಿ ಕೇಳಿಸುತ್ತದೆ. ಮೈಕನ್ನು ಎದೆಯ ನಡುವೆ ಸಿಕ್ಕಿಸಬೇಡಿ; ಸೊಂಟ ಎತ್ತಿದಾಗ ಗಲ್ಲ ತಾಗಿ ಗರಗರ ಸದ್ದು ಬರುತ್ತದೆ. ಭುಜದ ಬದಿಗಿರಲಿ.

ಇನ್ನೊಂದು. ಆಸನ ಮುಗಿದು ಬಲಮಗ್ಗುಲಿಗೆ ಹೊರಳಿ ಏಳಿಸುತ್ತೀರಲ್ಲ, ಅಲ್ಲಿ ಎಡಬಲದ ಗೊಂದಲ ಬರುತ್ತದೆ. ನಿಮ್ಮ ತಲೆ ಚೌಕಟ್ಟಿನ ಎಡಕ್ಕೆ, ಪಾದ ಬಲಕ್ಕೆ ಇರುವಂತೆ ಮಲಗಿದರೆ ಬಲಮಗ್ಗುಲಿಗೆ ಹೊರಳಿದಾಗ ಮುಖ ಕ್ಯಾಮೆರಾದ ಕಡೆ ಬರುತ್ತದೆ, ಕೈ ನೆಲಕ್ಕೆ ಊರಿ ಏಳುವುದು ಪೂರ್ತಿ ಕಾಣುತ್ತದೆ. ತಲೆ ಬಲಕ್ಕಿದ್ದರೆ ಜನರಿಗೆ ಕಾಣುವುದು ನಿಮ್ಮ ಬೆನ್ನು ಮಾತ್ರ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆಯುವುದಾದರೆ, ಕೆಲವು ಫೋನುಗಳು ಕನ್ನಡಿಯಂತೆ ತಿರುಗಿಸಿಯೇ ಉಳಿಸುತ್ತವೆ. ಆಗ ನೀವು ಬಲಕ್ಕೆ ಹೊರಳಿದರೂ ವಿಡಿಯೋದಲ್ಲಿ ಎಡಕ್ಕೆ ಹೊರಳಿದಂತಾಗುತ್ತದೆ. ಅಕ್ಷರವಿರುವ ಚೀಲವೊಂದನ್ನು ಪಕ್ಕದಲ್ಲಿಟ್ಟು ಹತ್ತು ಸೆಕೆಂಡು ತೆಗೆದು ನೋಡಿದರೆ ತಿಳಿಯುತ್ತದೆ.

ಯಲ್ಲಾಪುರದಿಂದ

ತಂದೆಯವರು ನಿಲ್ಲಿಸಿದ್ದಾರೆ, ಸೋಮವಾರ ವೈದ್ಯರ ಬಳಿ ಕರೆದೊಯ್ಯುತ್ತೇನೆ. ಜೂಮ್‌ನಲ್ಲಿ ನೇರವಾಗಿ ಕಲಿಸಿದರೆ ಇಷ್ಟೆಲ್ಲ ತೊಂದರೆ ಇರುವುದಿಲ್ಲವಲ್ಲ ಎಂದು ನನಗನ್ನಿಸುತ್ತದೆ.

ಕಾಳಿತೀರ, ಕಾರವಾರ

ಜೂಮ್ ಪ್ರಯತ್ನಿಸಿದ್ದೇನೆ. ಎಲ್ಲರೂ ನಿಂತಿರುವಾಗ ಕಾಣುತ್ತಾರೆ. ಮಲಗಿದ ಕೂಡಲೇ ಹತ್ತು ಚೌಕಗಳಲ್ಲಿ ಹತ್ತು ಫ್ಯಾನುಗಳು ಮಾತ್ರ ಕಾಣುತ್ತವೆ. ಅವರ ಫೋನೂ ತಗ್ಗಿನಲ್ಲಿ, ಪಕ್ಕದಿಂದ ನೋಡುವಂತೆ ಇದ್ದರೆ ಮಾತ್ರ ನಾನು ತಿದ್ದಬಲ್ಲೆ. ಹಾಗೆ ಇಟ್ಟರೆ ಅವರು ಪರದೆಯನ್ನು ನೋಡಲೆಂದು ಕುತ್ತಿಗೆ ತಿರುಗಿಸುತ್ತಾರೆ, ಮತ್ತೆ ಅದೇ ಕತೆ.

ಭಾನುವಾರ ಬೆಳಿಗ್ಗೆ ಹೊಸದಾಗಿ ತೆಗೆಯುತ್ತೇನೆ. ತಲೆ ಎಡಕ್ಕೆ, 1x, ಎಂಟು ಅಡಿ ದೂರ. ನನ್ನ ಟ್ರೈಪಾಡ್ ಎಷ್ಟು ತಗ್ಗಿಸಿದರೂ ಎರಡು ಅಡಿಗಿಂತ ಕೆಳಗೆ ಬರುವುದಿಲ್ಲ, ಆದ್ದರಿಂದ ಮಣೆಗಳನ್ನು ಒಂದರ ಮೇಲೊಂದಿಟ್ಟು ಫೋನನ್ನು ಒರಗಿಸುತ್ತೇನೆ. ಕಳಿಸುವ ಮೊದಲು ಎದುರುಮನೆಯವರಿಗೆ ಧ್ವನಿ ಮಾತ್ರ ಕೇಳಿಸಿ, ಚಿತ್ರ ತೋರಿಸದೆ ಮಾಡಿಸಿ ನೋಡುತ್ತೇನೆ. ಅವರು ಎಲ್ಲಿ ತಡವರಿಸುತ್ತಾರೋ ಆ ವಾಕ್ಯವನ್ನು ಬದಲಿಸುತ್ತೇನೆ. ಸರ್ವಾಂಗಾಸನಕ್ಕೂ ಇದೇ ಕ್ರಮ ಸಾಕೇ?

ಶಿರಸಿ ಫಿಜಿಯೋ

ಸಾಲದು. ಸೇತುಬಂಧದಲ್ಲಿ ತಪ್ಪಿದರೆ ಸೊಂಟ ಇಳಿಸಿದರಾಯಿತು, ಪಾದಗಳು ನೆಲದ ಮೇಲೆಯೇ ಇರುತ್ತವೆ. ಸರ್ವಾಂಗಾಸನದಲ್ಲಿ ಇಡೀ ಮೈ ಮೇಲಿರುತ್ತದೆ; ಕುತ್ತಿಗೆ ತಿರುಗಿದರೆ ತಪ್ಪಿಸಿಕೊಳ್ಳುವ ದಾರಿ ಸುಲಭವಾಗಿ ಸಿಗುವುದಿಲ್ಲ. ಅದರ ಮೇಲೆ ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಗ್ಲಾಕೋಮಾ ಇರುವವರು ನಿಮ್ಮ ವಯೋಮಾನದ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಮೊದಲೇ ತೆಗೆದಿಟ್ಟ ವಿಡಿಯೋದಲ್ಲಿ ನಾನು ಅದನ್ನು ಕಲಿಸುವುದಿಲ್ಲ. ಅದರ ಬದಲು ಗೋಡೆಗೆ ಕಾಲು ಒರಗಿಸಿ ಮಲಗುವುದನ್ನು ತೋರಿಸುತ್ತೇನೆ.

ನಿವೃತ್ತ ಮಾಸ್ತರ, ಹೊನ್ನಾವರ

ಸರ್ವಾಂಗಾಸನದ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಕಣಕಾಲಿನ ವಿಷಯದಲ್ಲಿ ಇಲ್ಲ. ಅಕ್ಕೋರು ಭಾನುವಾರದ ವಿಡಿಯೋವನ್ನು ನನಗೂ ಕಳಿಸಲಿ, ನಾನು ಬೆಲ್ಟು ಹಾಕಿ ಮಾಡಿದ್ದನ್ನು ಪಕ್ಕದಿಂದ ತೆಗೆದು ಇಲ್ಲಿ ಹಾಕುತ್ತೇನೆ.